‘ಸ ಮೇ ಪ್ರಿಯಃ’ ಆದಮೇಲೆ ಯಾವುದು?

ಚಿಕ್ಕಬಳ್ಳಾಪುರದಲ್ಲಿ ನಮ್ಮ ಬೀದಿಯ ದೇವಸ್ಥಾನದ ಪಡಸಾಲೆಯಲ್ಲಿ ಪ್ರತಿ ಭಾನುವಾರ ಸಂಜೆ ಒಂಬತ್ತು ಜನ ಸೇರುತ್ತೇವೆ. ಎಲ್ಲರೂ ನಲವತ್ತು ದಾಟಿದವರು. ಭಗವದ್ಗೀತೆಯ 12ನೇ ಅಧ್ಯಾಯ, ಭಕ್ತಿಯೋಗ, 20 ಶ್ಲೋಕ. ವಾರಕ್ಕೆ ಒಂದೇ ಶ್ಲೋಕ ಕಲಿಯುತ್ತೇವೆ. ‘ಇಷ್ಟು ನಿಧಾನವಾ?’ ಎಂದು ಕೇಳಿದವರು ಬಹಳ ಜನ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನೂ ಒಂದು ಕಡೆ ಇದೇ ಅಧ್ಯಾಯವನ್ನು ಮೂರೇ ವಾರದಲ್ಲಿ ಕಲಿತಿದ್ದೆ. ಕೊನೆಯ ದಿನ ಎಲ್ಲರ ಜೊತೆ ಒಂದೂ ತಪ್ಪದೆ ಹೇಳಿದೆ, ಪ್ರಮಾಣಪತ್ರವೂ ಸಿಕ್ಕಿತು. ಆರು ತಿಂಗಳಾದ ಮೇಲೆ ಅಮ್ಮನ ಹಾಸಿಗೆ ಪಕ್ಕ ಕೂತು ಒಬ್ಬಳೇ ಹೇಳಲು ಹೋದರೆ ಐದನೇ ಶ್ಲೋಕಕ್ಕೇ ನಿಂತುಹೋಯಿತು. ಅಮ್ಮ ಕಣ್ಣು ಮುಚ್ಚಿಕೊಂಡು ಮುಂದಿನದಕ್ಕೆ ಕಾಯುತ್ತಿದ್ದರು. ಆ ದಿನ ನನಗೆ ಗೊತ್ತಾಗಿದ್ದು, ನಾನು ಕಲಿತಿದ್ದು ಅಧ್ಯಾಯವನ್ನಲ್ಲ, ಪಕ್ಕದವರ ದನಿಯ ಹಿಂದೆ ಹೋಗುವುದನ್ನು. ಗುಂಪಿನಲ್ಲಿ ಹೇಳುವಾಗ ಪಕ್ಕದವರ ಬಾಯಿಂದ ಮೊದಲ ಅಕ್ಷರ ಬಂದರೆ ಸಾಕು, ಉಳಿದದ್ದು ನಮ್ಮ ಬಾಯಿಗೂ ಬರುತ್ತದೆ. ಆ ಅಕ್ಷರ ಕೊಡುವವರು ಯಾರೂ ಇಲ್ಲದಾಗಲೇ ನಿಜ ತಿಳಿಯುವುದು.

ಇನ್ನೊಂದು ತಪ್ಪು, ಪ್ರತಿ ಸಲ ‘ಏವಂ ಸತತಯುಕ್ತಾ ಯೇ’ ಇಂದಲೇ ಶುರುಮಾಡುವುದು. ಸಮಯ ಸಿಕ್ಕಷ್ಟು ಹೇಳಿ ನಿಲ್ಲಿಸುತ್ತೇವೆ. ಹೀಗಾಗಿ ಮೊದಲ ಶ್ಲೋಕಗಳು ನೂರಾರು ಸಲ ಬಾಯಿಗೆ ಬಂದಿರುತ್ತವೆ, ಕೊನೆಯವು ಹತ್ತು ಸಲವೂ ಬಂದಿರುವುದಿಲ್ಲ.

ನಮ್ಮ ಕ್ರಮ ಹೀಗಿದೆ. ಭಾನುವಾರ ಹೊಸ ಶ್ಲೋಕದ ಸಂಥೆ. ನಾನು ಒಂದು ಪಾದ ಹೇಳಿದರೆ ಅವರು ಎರಡು ಸಲ ಹೇಳುತ್ತಾರೆ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಉಚ್ಚಾರ ತಿದ್ದುವುದು ಅವತ್ತೇ, ಅಲ್ಲೇ. ಕೊನೆಯ ಶ್ಲೋಕದ ‘ಶ್ರದ್ದಧಾನಾ’ ಎಷ್ಟೋ ಜನರ ಬಾಯಲ್ಲಿ ‘ಶ್ರದ್ಧಾಧಾನಾ’ ಆಗಿರುತ್ತದೆ. ಮೊದಲ ವಾರ ಹಾಗೇ ಬಿಟ್ಟರೆ ಆಮೇಲೆ ತೆಗೆಯುವುದು ಬಹಳ ಕಷ್ಟ. ಸೋಮವಾರ, ಮಂಗಳವಾರ ಪುಸ್ತಕ ನೋಡಿ ಹೇಳಬಹುದು. ಬುಧವಾರದಿಂದ ಪುಸ್ತಕ ಮುಚ್ಚಬೇಕು. ಮೊದಲು ನೆನಪಿನಿಂದ ಹೇಳಿ, ತಡವರಿಸಿದರೂ ಕೊನೆ ಮುಟ್ಟಿಸಿ, ಆಮೇಲೆ ಪುಸ್ತಕ ತೆಗೆದು ಸರಿ ನೋಡಿಕೊಳ್ಳುವುದು. ನೋಡಿಕೊಂಡು ಇಪ್ಪತ್ತು ಸಲ ಓದಿದರೂ ಅದು ಓದಿದ್ದೇ ಹೊರತು ಆವೃತ್ತಿ ಆಗಲಿಲ್ಲ. ಹೊಸದನ್ನು ದಿನಕ್ಕೆ ಹತ್ತು ಸಲ, ಹಿಂದಿನ ವಾರದ್ದನ್ನು ಎರಡು ಸಲ ಹೇಳುತ್ತೇವೆ.

ಮೂರನೇ ವಾರಕ್ಕೆ ಆ ಶ್ಲೋಕಕ್ಕೆ ಒಂದು ದಿನ ಗೊತ್ತುಮಾಡುತ್ತೇವೆ. ಸೋಮವಾರಕ್ಕೆ 1, 7, 13, 19. ಮಂಗಳವಾರಕ್ಕೆ 2, 8, 14, 20. ಬುಧವಾರಕ್ಕೆ 3, 9, 15. ಹೀಗೇ ಆರಾರು ಬಿಟ್ಟು ಶನಿವಾರದ ತನಕ. ಸಾಲಾಗಿ ಹಂಚದೆ ಬಿಟ್ಟು ಬಿಟ್ಟು ಹಂಚಿದ್ದಕ್ಕೆ ಕಾರಣವಿದೆ. ಸಾಲಾಗಿ ಹೇಳುವಾಗ ಹಿಂದಿನ ಶ್ಲೋಕವೇ ಮುಂದಿನದನ್ನು ಎಳೆದು ತರುತ್ತದೆ. ಏಳಾದ ಮೇಲೆ ನೇರ ಹದಿಮೂರಕ್ಕೆ ಹೋಗಬೇಕೆಂದರೆ ಆ ಎಳೆತ ಇರುವುದಿಲ್ಲ. ‘ಅದ್ವೇಷ್ಟಾ ಸರ್ವಭೂತಾನಾಂ’ ತಾನಾಗಿಯೇ ಬಾಯಿಗೆ ಬರಬೇಕು. ಅನುಕ್ರಮಕ್ಕೆ ಭಾನುವಾರ ಇದ್ದೇ ಇದೆ. ಅವತ್ತು ಒಬ್ಬರು ಶುರುಮಾಡಿದರೆ ಪಕ್ಕದವರು ಮುಂದಿನದನ್ನು ಒಬ್ಬರೇ ಹೇಳಬೇಕು. ಒಟ್ಟಿಗೆ ಹೇಳುವುದು ಕಟ್ಟಕಡೆಗೆ ಒಂದೇ ಸಲ. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ನಮ್ಮಲ್ಲಿ ಇಬ್ಬರು ಬೆಂಗಳೂರಿನ ಬಸ್ಸಿನಲ್ಲೇ ಮುಗಿಸಿಕೊಳ್ಳುತ್ತಾರೆ.

ಹೋದ ಸಲ ಇಷ್ಟೆಲ್ಲ ಮಾಡಿಯೂ ಒಂದು ಕಡೆ ಎಲ್ಲರೂ ಎಡವಿದರು. ಹೂವಿನ ವ್ಯಾಪಾರ ಮಾಡುವ ಅಣ್ಣ ಒಬ್ಬರು ಬಂದು, “ಅಕ್ಕ, ಹದಿನಾಲ್ಕು ಹೇಳ್ತಾ ಹೇಳ್ತಾ ಹದಿನೇಳಕ್ಕೆ ಹೋಗ್ಬಿಡ್ತೀನಿ. ಮಧ್ಯದ್ದೆರಡು ಎಲ್ಲಿ ಹೋಗುತ್ತೋ ಗೊತ್ತಾಗಲ್ಲ” ಅಂದರು. ನಾಲ್ಕು ಗಂಟೆಗೇ ಎದ್ದು ಮಾರ್ಕೆಟ್ಟಿಗೆ ಹೋಗುವ ಮನುಷ್ಯ, ಒಂದು ದಿನವೂ ಆವೃತ್ತಿ ತಪ್ಪಿಸಿದವರಲ್ಲ. ಅವರ ನೋಟ್‌ಬುಕ್ ತೆಗೆದು ನೋಡಿದೆ. ಮಂಗಳವಾರದ ಹದಿನಾಲ್ಕಕ್ಕೂ ಗುರುವಾರದ ಹದಿನಾರಕ್ಕೂ ಸರಿ ಗುರುತೇ ಬಿದ್ದಿತ್ತು. ಭಾನುವಾರ ಮಾತ್ರ ಪ್ರತಿ ಸಲ ತಪ್ಪು.

ತಪ್ಪು ಅವರ ನೆನಪಿನದ್ದಲ್ಲ. ಹದಿಮೂರರಿಂದ ಇಪ್ಪತ್ತರವರೆಗಿನ ಎಂಟು ಶ್ಲೋಕಗಳಲ್ಲಿ ಆರು ಮುಗಿಯುವುದು ಭಗವಂತನಿಗೆ ‘ಪ್ರಿಯ’ ಎಂಬ ಮಾತಿನಲ್ಲೇ. ಅದರಲ್ಲೂ ಹದಿನಾಲ್ಕರ ಕೊನೆಯ ಪಾದ ‘ಯೋ ಮದ್ಭಕ್ತಃ ಸ ಮೇ ಪ್ರಿಯಃ’, ಹದಿನಾರರ ಕೊನೆಯ ಪಾದವೂ ಅಕ್ಷರ ಬಿಡದೆ ಅದೇ. ಆ ಪಾದಕ್ಕೆ ಬಂದ ನಾಲಿಗೆಗೆ ತಾನು ಯಾವ ಶ್ಲೋಕದಲ್ಲಿದ್ದೇನೆ ಎಂದು ಗೊತ್ತಾಗುವುದಿಲ್ಲ. ಹದಿನಾರರದ್ದು ಎಂದುಕೊಂಡರೆ ಸಹಜವಾಗಿ ‘ಯೋ ನ ಹೃಷ್ಯತಿ’ಗೆ, ಅಂದರೆ ಹದಿನೇಳಕ್ಕೆ ಹೋಗುತ್ತದೆ. ಇಂಥ ಕಡೆ ಬರುತ್ತಿದ್ದಾರೆ ಎನ್ನುವುದು ಕಿವಿಗೇ ತಿಳಿಯುತ್ತದೆ. ಆ ಪಾದವನ್ನು ಜೋರಾಗಿ, ಬೇಗ ಹೇಳಿ, ಆಮೇಲೆ ಉಸಿರು ಹಿಡಿದು ನಿಲ್ಲುತ್ತಾರೆ.

ಇದಕ್ಕೆ ಇಡೀ ಶ್ಲೋಕವನ್ನು ಮತ್ತೆ ಮತ್ತೆ ಉರು ಹೊಡೆದರೆ ಪ್ರಯೋಜನವಿಲ್ಲ. ಶ್ಲೋಕ ಚೆನ್ನಾಗಿಯೇ ಬರುತ್ತದೆ, ಬಿಚ್ಚಿಕೊಳ್ಳುವುದು ಎರಡರ ನಡುವಿನ ಕೊಂಡಿ. ಆ ಕೊಂಡಿಯನ್ನೇ ಬೇರೆ ತೆಗೆದು ಕಲಿಯಬೇಕು. ನಾಲ್ಕನೇ ಪಾದ ಎರಡರಲ್ಲೂ ಒಂದೇ ಆದ್ದರಿಂದ ಮೂರನೇ ಪಾದದಿಂದ ಹಿಡಿಯಬೇಕು. ‘ಮಯ್ಯರ್ಪಿತಮನೋಬುದ್ಧಿರ್ಯೋ ಮದ್ಭಕ್ತಃ ಸ ಮೇ ಪ್ರಿಯಃ’, ಉಸಿರು ಬಿಡದೆ ‘ಯಸ್ಮಾನ್ನೋದ್ವಿಜತೇ ಲೋಕೋ’. ಅಲ್ಲಿಗೆ ನಿಲ್ಲಿಸಿ. ಇದು ಒಂದು ಕೊಂಡಿ. ‘ಸರ್ವಾರಂಭಪರಿತ್ಯಾಗೀ ಯೋ ಮದ್ಭಕ್ತಃ ಸ ಮೇ ಪ್ರಿಯಃ’, ಹಾಗೇ ‘ಯೋ ನ ಹೃಷ್ಯತಿ ನ ದ್ವೇಷ್ಟಿ’. ಇದು ಇನ್ನೊಂದು. ಮನಸ್ಸು ಬುದ್ಧಿ ಒಪ್ಪಿಸಿದವನ ಹಿಂದೆ, ಲೋಕಕ್ಕೆ ಉದ್ವೇಗ ಕೊಡದವನು. ಆರಂಭಗಳನ್ನೆಲ್ಲ ಬಿಟ್ಟವನ ಹಿಂದೆ, ಹಿಗ್ಗದವನು, ದ್ವೇಷಿಸದವನು. ಅರ್ಥವನ್ನೂ ಹೀಗೆ ಜೋಡಿಸಿಕೊಂಡರೆ ನಾಲಿಗೆ ತಪ್ಪಿದರೂ ಮನಸ್ಸು ಹಿಡಿಯುತ್ತದೆ.

ಎಂಟರಿಂದ ಹನ್ನೊಂದರವರೆಗೆ ಈ ತೊಂದರೆ ಯಾರಿಗೂ ಬರಲಿಲ್ಲ. ಮನಸ್ಸನ್ನು ನನ್ನಲ್ಲೇ ಇಡು, ಅದಾಗದಿದ್ದರೆ ಅಭ್ಯಾಸ ಮಾಡು, ಅದೂ ಆಗದಿದ್ದರೆ ನನಗಾಗಿ ಕೆಲಸ ಮಾಡು, ಅದೂ ಆಗದಿದ್ದರೆ ಫಲ ಬಿಡು. ಕೃಷ್ಣ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತಾನೆ, ಅರ್ಥವೇ ಅನುಕ್ರಮ. ಹದಿಮೂರರಿಂದ ಮುಂದಿನದು ಗುಣಗಳ ಪಟ್ಟಿ. ಅಲ್ಲಿ ಹಿಂದು ಮುಂದಾದರೂ ಅರ್ಥ ಕೆಡುವುದಿಲ್ಲ, ಅದಕ್ಕೇ ತಪ್ಪಿದ್ದು ನಮಗೆ ಗೊತ್ತಾಗುವುದೂ ಇಲ್ಲ.

ಅದಕ್ಕೇ ಈ ಸಲ ಹೊಸ ಶ್ಲೋಕವಿಲ್ಲದ ವಾರಗಳನ್ನು ಬೇರೆ ಥರ ಇಟ್ಟೆ. ಐದೈದು ಶ್ಲೋಕಕ್ಕೆ ಒಂದು ಬಿಡುವು ಎಂದು ಲೆಕ್ಕ ಹಾಕಲಿಲ್ಲ. 5, 11, 14, 16 ಆದಮೇಲೆ ಒಂದೊಂದು ವಾರ, ಒಟ್ಟು 24 ವಾರ. ಹದಿನಾಲ್ಕರ ಕೊಂಡಿ ಗಟ್ಟಿಯಾಗದೆ ಹದಿನಾರು ಕಿವಿಗೆ ಬೀಳಬಾರದು ಎನ್ನುವುದೇ ಉದ್ದೇಶ. ಹದಿನಾಲ್ಕಾದ ಮೇಲಿನ ಬಿಡುವಿನಲ್ಲಿ ಹದಿನೈದರ ಮೊದಲ ಪಾದವನ್ನಷ್ಟೇ ಕೊಟ್ಟಿದ್ದೆ, ಕೊಂಡಿಗೆ ಬೇಕಲ್ಲ. ಬಿಡುವಿನ ವಾರ ಎಂದರೆ ರಜೆ ಎಂದುಕೊಂಡು ಬರದೇ ಇರುವವರಿಗೆ ನಾನು ಫೋನ್ ಮಾಡಿ ಕರೆಯುತ್ತೇನೆ. ಆ ವಾರ ತಪ್ಪಿಸಿಕೊಳ್ಳುವುದಕ್ಕಿಂತ ಸಂಥೆ ತಪ್ಪಿಸಿಕೊಳ್ಳುವುದು ವಾಸಿ.

ಗುರುತು ಹಾಕುವುದೂ ಸರಳ. ತಡೆಯದೆ ಬಂದರೆ ಗೀಟು, ತಡವರಿಸಿದರೆ ಚುಕ್ಕಿ. ಒಂದೇ ಶ್ಲೋಕಕ್ಕೆ ಎರಡು ಚುಕ್ಕಿ ಬಿದ್ದರೆ ಅದು ಮತ್ತೆ ಒಂದು ವಾರ ದಿನಾ ಹೇಳುವ ಪಟ್ಟಿಗೆ. ಅಧ್ಯಾಯ ಮುಗಿದ ಮೇಲೆ ಮೂರು ತಿಂಗಳು ಭಾನುವಾರ ಭಾನುವಾರ ಪೂರ್ತಿ ಹೇಳಿ, ಆಮೇಲೆ ಏಕಾದಶಿಗೆ ಬಿಡುತ್ತೇವೆ. ತಿಂಗಳಿಗೆ ಎರಡು ಸಲ ಬರುತ್ತದೆ, ಕ್ಯಾಲೆಂಡರಿನಲ್ಲಿ ಬೇರೆ ಬರೆದುಕೊಳ್ಳಬೇಕಾಗಿಲ್ಲ.

ಮೊನ್ನೆ ಭಾನುವಾರ ಹದಿನಾರು ಮುಗಿದ ಬಿಡುವಿನ ವಾರ. ಹೂವಿನ ಅಣ್ಣನ ಸರದಿ ಬಂತು. ಹದಿನಾಲ್ಕರ ಕೊನೆಗೆ ಬಂದಾಗ ಪಕ್ಕದವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ‘ಸ ಮೇ ಪ್ರಿಯಃ’ ಎಂದವರು ನಿಲ್ಲಲಿಲ್ಲ, ಅದೇ ಉಸಿರಿನಲ್ಲಿ ‘ಯಸ್ಮಾನ್ನೋದ್ವಿಜತೇ’ ಎಂದರು.