ಒಂದೇ ಒಂದು ಪಾಯಿಂಟ್

"ಒಂದೇ ಒಂದು ಪಾಯಿಂಟ್ ಸೇರಿಸ್ಬಿಡ್ರಿ, ಆಮೇಲೆ ಮರ್ತು ಹೋಗ್ತೀನಿ."

ನಮ್ಮ ಸಾವ್ಕಾರರು ಈ ಮಾತನ್ನು ನಾಲ್ಕು ದಿನದಲ್ಲಿ ಎಷ್ಟು ಸಲ ಹೇಳಿದರೋ ನಾನು ಲೆಕ್ಕ ಇಡಲಿಲ್ಲ. ಲೆಕ್ಕ ಸ್ಲೈಡೇ ಇಟ್ಟಿತ್ತು. ಹನ್ನೊಂದು ಬುಲೆಟ್.

ನಮ್ಮದು ಬಳ್ಳಾರಿಯಲ್ಲಿ ಒಂದು ಸಣ್ಣ ಜೀನ್ಸ್ ಯೂನಿಟ್. ಸ್ವಂತ ವಾಷಿಂಗ್ ಹಾಕಿಕೊಳ್ಳಲು ಬ್ಯಾಂಕ್ ಸಾಲ ಬೇಕು, ಸಾಲಕ್ಕೆ ಪಿಪಿಟಿ ಬೇಕು. ಲೆಕ್ಕ ಬರೆಯುವವನಿಗೆ ಕಂಪ್ಯೂಟರ್ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಅದು ನನ್ನ ತಲೆಗೆ ಬಿತ್ತು.

ಪವರ್‌ಪಾಯಿಂಟ್ ಕೂಡ ಸಾವ್ಕಾರರ ಪಾರ್ಟಿಯೇ. ಸಾಲು ಜಾಸ್ತಿಯಾದಂತೆ ಅಕ್ಷರವನ್ನು ತಾನೇ ಚಿಕ್ಕದು ಮಾಡಿ ಜಾಗ ಕೊಡುತ್ತೆ, "ಒಳಗೆ ಹೋಗ್ರಿ, ಒಳಗೆ ಹೋಗ್ರಿ" ಅನ್ನೋ ಬಸ್ ಕಂಡಕ್ಟರ್ ಥರ. 28ರಲ್ಲಿ ಶುರುವಾದ ಅಕ್ಷರ ಕೊನೆಗೆ ಮಾತ್ರೆ ಚೀಟಿಯ ಅಕ್ಷರವಾಯಿತು. ಸಿಟ್ಟು ಬಂದು Do not Autofit ಒತ್ತಿದೆ. ಕೆಳಗಿನ ಸಾಲುಗಳು ಸ್ಲೈಡ್ ದಾಟಿ ಹೊರಗೆ ಜೋತುಬಿದ್ದವು. ಈಗಲಾದರೂ ಅವರಿಗೆ ಗೊತ್ತಾಗುತ್ತೆ ಅಂದುಕೊಂಡೆ.

"ಎರಡು ಕಾಲಂ ಮಾಡ್ರಿ" ಅಂದರು.

ಇದರಲ್ಲಿ ಅವರ ತಪ್ಪೂ ಇಲ್ಲ. ಅವರು ಮೊದಲು ಕಟಿಂಗ್ ಮಾಸ್ಟರ್ ಆಗಿದ್ದವರು. ಬಟ್ಟೆ ಹಾಸಿ, ಪ್ಯಾಂಟಿನ ಎರಡು ಕಾಲಿನ ನಡುವೆ ಉಳಿದ ಸಂದಿಯಲ್ಲಿ ಜೇಬು, ಜೇಬಿನ ಪಕ್ಕದ ಚೂರಿನಲ್ಲಿ ಬೆಲ್ಟಿನ ಲೂಪ್, ಹೀಗೆ ಅಂಗೈಯಷ್ಟೂ ಬಿಡದೆ ಕೂರಿಸುವ ಕೈ ಅದು. ಆ ಕೈಗೆ ಬಿಳಿ ಸ್ಲೈಡ್ ಕಂಡರೆ ಹೇಗಾಗಬೇಡ? ನಾನು ಒಂದು ಮೂಲೆ ಖಾಲಿ ಬಿಟ್ಟರೆ ಬೆರಳಲ್ಲಿ ಗೇಣು ಹಾಕಿ ನೋಡುತ್ತಾರೆ. "ಇಲ್ಲಿ ಜಿಎಸ್‌ಟಿ ನಂಬರ್ ಕೂರುತ್ತೆ." ಅಲ್ಲಿ ಜಿಎಸ್‌ಟಿ ನಂಬರ್ ಕೂತಿತು. "ಇಲ್ಲಿ ನಮ್ಮ ಹೊಸ ಗೋಡೌನ್." ಗೋಡೌನೂ ಕೂತಿತು. ಸಾಲಕ್ಕೂ ಗೋಡೌನಿಗೂ ಏನು ಸಂಬಂಧ ಅಂತ ಕೇಳಿದೆ. "ಸಂಬಂಧ ಯಾಕ್ರೀ, ಜಾಗ ಇದೆಯಲ್ಲ!"

ಆಮೇಲೆ ನಾನೂ ಒಂದು ಘನಕಾರ್ಯ ಮಾಡಿದೆ. ಕೆಲಸದ ಹಂತ ಹೇಳುವ ಬುಲೆಟ್‌ಗಳನ್ನು ಹಿಡಿದು Convert to SmartArt ಒತ್ತಿ, ಚಂದ ಕಂಡಿತು ಅಂತ ಚಕ್ರದ ಚಿತ್ರ ಆರಿಸಿದೆ. ಹೊಲಿಗೆಯ ಅಕ್ಕ ನೋಡಿ ಕೇಳಿದರು: "ಅಲ್ಲಪ್ಪಾ, ಪ್ಯಾಕಿಂಗ್ ಆದ ಪ್ಯಾಂಟು ಮತ್ತೆ ಕಟಿಂಗಿಗೆ ಯಾಕೆ ಹೋಗ್ತೈತಿ?" ಬಾಣ ಹೇಳಿದ್ದು ಅದನ್ನೇ. ಆಕಾರಕ್ಕೂ ಒಂದು ಅರ್ಥ ಇರುತ್ತೆ ಅಂತ ನನಗೆ ಹೊಳೆದದ್ದೇ ಆಗ. ಚಕ್ರ ಅಂದರೆ ತಿರುಗಿ ಬರೋದು. ನಮ್ಮ ಮಾಲು ಮುಂದೆ ಹೋಗಬೇಕು, ಆದರೆ ಒಂದು ಕಡೆ ಕೂತುಬಿಡುತ್ತೆ. ಹೇಳಬೇಕಾದದ್ದು ಇಷ್ಟೇ, ಆದರೆ ಅದು ಏಳನೇ ಬುಲೆಟ್‌ನಲ್ಲಿ ಅಡಗಿ ಕೂತಿತ್ತು.

ರಾತ್ರಿ ಹಳೆಯದರ ಒಂದು ಕಾಪಿ ಇಟ್ಟುಕೊಂಡು, ಸ್ಲೈಡಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ಒಂದು ಲಾಟು ಮುಗಿಯಲು ನಮಗೆ 12 ದಿನ. ಕಟಿಂಗ್ 1, ಹೊಲಿಗೆ 3, ಹೊರಗಿನ ವಾಷಿಂಗ್ 6, ಫಿನಿಶಿಂಗು ಪ್ಯಾಕಿಂಗು ಸೇರಿ 2. ಅಗಲದ ಸ್ಲೈಡ್ ಸುಮಾರು 34 ಸೆಂಟಿಮೀಟರ್ ಇರುತ್ತೆ. ದಿನಕ್ಕೆ ಎರಡೂವರೆ ಸೆಂಟಿಮೀಟರ್ ಹಿಡಿದರೆ 12 ದಿನಕ್ಕೆ 30, ಎರಡೂ ಬದಿಗೆ ಸ್ವಲ್ಪ ಅಂಚು. ನಾಲ್ಕು ಡಬ್ಬಿ ಬರೆದು ಅಗಲದ ಜಾಗದಲ್ಲಿ ಅಂಕಿಯನ್ನೇ ಟೈಪ್ ಮಾಡಿದೆ: 2.5, 7.5, 15, 5. ಕಣ್ಣಳತೆಯಲ್ಲಿ ಎಳೆದಿದ್ದರೆ ಸುಳ್ಳು ಹೇಳಿದಂತಾಗುತ್ತಿತ್ತು. ಮೂರಕ್ಕೆ ಬೂದು ಬಣ್ಣ, ವಾಷಿಂಗಿಗೆ ಮಾತ್ರ ಜೀನ್ಸ್ ನೀಲಿ. ಮೇಲಿದ್ದ "ಉತ್ಪಾದನಾ ಪ್ರಕ್ರಿಯೆ" ಅನ್ನೋ ತಲೆಬರಹ ತೆಗೆದು "12 ದಿನದಲ್ಲಿ 6 ದಿನ ಮಾಲು ವಾಷಿಂಗಿನಲ್ಲೇ" ಅಂತ ಬರೆದೆ. ಮಷೀನಿನ ರೇಟು, ಕೊಟೇಶನ್ನು ಎಲ್ಲ ಕೈಗೆ ಕೊಡುವ ಹಾಳೆಗೆ ಹೋದವು. ಕೂತು ಓದುವ ಹಾಳೆಯಲ್ಲಿ ಬುಲೆಟ್ ಎಷ್ಟಿದ್ದರೂ ಜಗಳ ಇಲ್ಲ.

ಚಹಾ ತರುವ ಹುಡುಗನಿಗೆ ಎರಡನ್ನೂ ಐದೈದು ಸೆಕೆಂಡ್ ತೋರಿಸಿ ಮುಚ್ಚಿದೆ. ಹಳೆಯದಕ್ಕೆ "ಕರೆಂಟ್ ಆಫೀಸಿನ ನೋಟಿಸಾ ಅಣ್ಣಾ?" ಅಂದ. ಹೊಸದಕ್ಕೆ, "ಆ ನೀಲಿದು ಯಾಕೆ ಅಷ್ಟುದ್ದ?" ಬ್ಯಾಂಕಿನವರು ಕೇಳಬೇಕಾದ ಪ್ರಶ್ನೆಯೂ ಅದೇ ಅಲ್ವಾ!

ಸಾವ್ಕಾರರು ಬಂದು ಸುಮ್ನೆ ನಿಂತು ನೋಡಿದರು. ನೀಲಿ ಡಬ್ಬಿಯ ಮೇಲೆ ಬೆರಳಿಟ್ಟು, ಚಾಕ್ ಎಳೆದ ಹಾಗೆ ನಿಧಾನಕ್ಕೆ ಕೊನೆತನಕ ಎಳೆದರು. "ಹೋದ ದೀಪಾವಳಿ ಆರ್ಡರು ಇಲ್ಲೇ ಹೋಯ್ತು ನೋಡ್ರಿ" ಅಂದರು. ಅವತ್ತು ಗೇಟಿನಲ್ಲಿ ವಾಷಿಂಗ್ ಗಾಡಿಗೆ ಕಾಯುತ್ತಾ ರಾತ್ರಿ ಹನ್ನೊಂದರವರೆಗೆ ನಿಂತಿದ್ದವರು ನಾವಿಬ್ಬರೇ. ಮಾತಿಲ್ಲ, ಬರೀ ಸೊಳ್ಳೆ. ಆ ರಾತ್ರಿ ಯಾವ ಬುಲೆಟ್‌ನಲ್ಲೂ ಇರಲಿಲ್ಲ.

ನಾನು ಖುಷಿಯಾಗಿ ಮನೆಗೆ ಹೋದೆ. ಫೈಲ್ ಮಾತ್ರ ಆಫೀಸಿನ ಕಂಪ್ಯೂಟರಿನಲ್ಲೇ ಇತ್ತು.

ಇವತ್ತು ಬೆಳಿಗ್ಗೆ ತೆಗೆದು ನೋಡಿದರೆ ನೀಲಿ ಡಬ್ಬಿಯ ಕೆಳಗಿನ ಖಾಲಿ ಜಾಗದಲ್ಲಿ ನಾಲ್ಕು ಬುಲೆಟ್, ಅಳತೆಗೆ ಸರಿಯಾಗಿ, ಒಂದು ದಾರವೂ ಹೊರಗೆ ಬರದಂತೆ. ನಾಲ್ಕನೆಯದು ಗೋಡೌನ್.