ರಿಂಗ್‌ಟೋನ್ ಒಳಗಿನ ಆ ‘ಟಪ್’

ಈಗಷ್ಟೇ ಬಸ್ಸಿನಿಂದ ಇಳಿದೆ. ಪಕ್ಕದವರ ಫೋನ್ ದಾರಿಯುದ್ದಕ್ಕೂ ರಿಂಗಾಗುತ್ತಿತ್ತು. ಮೊದಲು ‘ಟಪ್’, ಆಮೇಲೆ ಶಹನಾಯಿ, ನಡುವೆ ಇನ್ನೊಂದು ‘ಟಪ್’, ಕೊನೆಗೆ ಸ್ವರದ ಕುತ್ತಿಗೆ ಹಿಸುಕಿದ ಹಾಗೆ ದಿಢೀರ್ ಮೌನ. ಪುಣ್ಯಾತ್ಮ ಎತ್ತುತ್ತಲೂ ಇಲ್ಲ! ಸದ್ದಿನ ವಿಷಯದಲ್ಲಿ ನಾನೆಂಥ ಕಿರಿಕ್ ಅಂತ ನಿಮಗೆ ಗೊತ್ತೇ ಇದೆ.

ಆ ಟಪ್ ಶಹನಾಯಿಯದ್ದಲ್ಲ, ಕತ್ತರಿಯದ್ದು. ಸದ್ದಿನ ಅಲೆ ನಡುಗೆರೆಯ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಮೇಲಿರುವಾಗ ಕತ್ತರಿಸಿದರೆ ಸ್ಪೀಕರ್ ಸೊನ್ನೆಯಿಂದ ಒಮ್ಮೆಲೇ ಅಲ್ಲಿಗೆ ನೆಗೆಯಬೇಕು. ಆ ನೆಗೆತವೇ ನಮಗೆ ಕೇಳುವುದು. ಸದ್ದನ್ನು ಕತ್ತರಿಸಿ ಜೋಡಿಸುವ Audacity ಅನ್ನೋ ಕಂಪ್ಯೂಟರ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಬೇಕಾದ ಭಾಗ ಸೆಲೆಕ್ಟ್ ಮಾಡಿ Z ಒತ್ತಿ, ಎರಡೂ ತುದಿ ಹತ್ತಿರದ ಸೊನ್ನೆಗೆ ಸರಿಯುತ್ತವೆ. ಆಮೇಲೆ Ctrl+T, ಉಳಿದದ್ದೆಲ್ಲ ಹೋಯಿತು. ಇಷ್ಟು ಮಾಡೋಕೆ ಏನು ಕಷ್ಟ?

ಜೋಡಿಸುವಾಗ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಅಕ್ಕನ ಮಗಳ ವೀಣೆಯ ರೆಕಾರ್ಡಿಂಗ್‌ನಿಂದ ನನ್ನ ರಿಂಗ್‌ಟೋನ್ ಮಾಡಿಕೊಂಡಿದ್ದೇನೆ. ಆಲಾಪನೆಯ 9 ಸೆಕೆಂಡ್, ಆಮೇಲೆ ಮೃದಂಗ ಸೇರಿದ 16 ಸೆಕೆಂಡ್. ಎರಡನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿಟ್ಟು, ಎರಡನೆಯದನ್ನು 8ನೇ ಸೆಕೆಂಡಿಗೆ ಎಳೆದೆ. ಒಂದರ ಮೇಲೊಂದು ಬಂದ ಆ 1 ಸೆಕೆಂಡನ್ನು ಎರಡೂ ಟ್ರ್ಯಾಕ್‌ನಲ್ಲಿ ಸೆಲೆಕ್ಟ್ ಮಾಡಿ, ಒಂದು ಇಳಿಯುತ್ತಿದ್ದಂತೆ ಇನ್ನೊಂದನ್ನು ಏರಿಸುವ Crossfade Tracks ಕೊಟ್ಟೆ. ಅದರಲ್ಲಿ Constant Gain ಆರಿಸಿದರೆ ಇಂಥ ಬೇರೆ ಬೇರೆ ಸದ್ದುಗಳ ನಡುವೆ ದನಿ ತಗ್ಗಿದಂತೆ ಕೇಳುತ್ತದೆ. Constant Power 1 ಇಟ್ಟರೆ ಆ ತಗ್ಗು ಇರುವುದಿಲ್ಲ. ಒಟ್ಟು 24 ಸೆಕೆಂಡ್. ಆ 1 ಸೆಕೆಂಡ್ ಎಲ್ಲಿ ಬರಬೇಕು ಅನ್ನುವುದು ಮಾತ್ರ ಕಿವಿಗೆ ಬಿಟ್ಟದ್ದು. ತಂತಿಯ ನಾದ ಇಳಿಯುತ್ತಿರುವ ಕಡೆ ಇಟ್ಟೆ. ಮೀಟಿದ ಕ್ಷಣದ ಮೇಲೆಯೇ ಇಟ್ಟಿದ್ದರೆ ಇಬ್ಬರು ಜಗಳವಾಡಿದಂತೆ ಕೇಳುತ್ತಿತ್ತು.

“ಫೋನ್ ಸ್ಪೀಕರ್ ತಾನೇ, ಯಾರು ಕೇಳ್ತಾರೆ ಮಾರಾಯಾ” ಅನ್ನುವವರಿದ್ದಾರೆ. ಫೋನಿನ ಪುಟ್ಟ ಸ್ಪೀಕರಿಗೆ ಮೃದಂಗದ ‘ಗುಂ’ ಅನ್ನುವ ತಗ್ಗು ನಾದವೇ ಸರಿಯಾಗಿ ಬರುವುದಿಲ್ಲ, ನಿಜ. ಆದರೆ ಚೂಪಾದ ಸದ್ದು ಚೆನ್ನಾಗಿ ಬರುತ್ತದೆ, ಟಪ್ ಅಂಥದ್ದೇ. ಸಂಗೀತ ನುಂಗಿ ಟಪ್ ಉಗುಳುವ ಯಂತ್ರ ಅದು. ಕೇಳದೇ ಇರುತ್ತಾ?

ಸ್ಟೀರಿಯೋದಲ್ಲಿ ಎಡ ಬಲ ಎರಡೂ ಒಂದೇ ಕ್ಷಣಕ್ಕೆ ಸೊನ್ನೆಗೆ ಬರುವುದು ಅಪರೂಪ. ಅದಕ್ಕೇ Z ಒಂದನ್ನೇ ನಂಬಬೇಡಿ. ಮೊದಲ 0.02 ಸೆಕೆಂಡಿಗೆ Fade In, ಕೊನೆಯ 2 ಸೆಕೆಂಡಿಗೆ Studio Fade Out ಹಾಕಿ. ಎರಡನೆಯದು ಬರೀ ವಾಲ್ಯೂಮ್ ಇಳಿಸುವುದಿಲ್ಲ, ಚೂಪನ್ನೂ ಮೆಲ್ಲಗೆ ಕರಗಿಸುತ್ತದೆ. ಇನ್ನು ಕೆಲವರು ಶುರುವಿಗೇ 5 ಸೆಕೆಂಡ್ Fade In ಹಾಕಿ ‘ಸ್ಮೂತ್ ಆಗಿದೆ’ ಅಂತ ಬೀಗುತ್ತಾರೆ. ಬ್ಯಾಗಿನೊಳಗಿನ ಫೋನ್ ಕೇಳುವಷ್ಟು ಏರುವಾಗ ಆ ಕಡೆಯವರು ಬೇಸತ್ತು ಕಟ್ ಮಾಡಿರುತ್ತಾರೆ. ನನ್ನ ತಮ್ಮನಿಗೆ ಫೋನ್ ಮಾಡಿ ನೋಡಿ, ತಿಳಿಯುತ್ತದೆ.