ಆ ಒಂದು ಸಾಲು ಸಾಲದು

"ಪ್ರಾಜೆಕ್ಟ್ ಕೊನೆಯಲ್ಲಿ 'ಎಐ ಸಹಾಯ ಪಡೆದಿದ್ದೇನೆ' ಅಂತ ಬರೆದರೆ ಸಾಕಲ್ವಾ?"

ಸಾಲದು ಮಾರಾಯ್ರೆ. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅಡಿಕೆ ಕೊಳೆರೋಗದ ಮೇಲೆ ಪ್ರಾಜೆಕ್ಟ್ ತಂದಿದ್ದ, ಕೊನೆಗೆ ಇದೇ ಸಾಲು. ಭಾಷೆ ನುಣುಪಾಗಿತ್ತು. ಆದರೆ ಆ ರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ ಅಂತಿತ್ತು! ಬೇಕಾದ್ದು 1 ಕೆಜಿ, ಸುಣ್ಣವೂ ಅಷ್ಟೇ. ಮನೆಯಲ್ಲಿ ಅಪ್ಪನನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ಯಾವ ಟೂಲ್, ಯಾವ ಭಾಗಕ್ಕೆ, ಏನು ಕೇಳಿದೆ, ಬಂದದ್ದರಲ್ಲಿ ಯಾವುದನ್ನು ಎಲ್ಲಿ ಸರಿ ನೋಡಿದೆ ಅಂತ ಬರೆಯಲು ಕೂತಿದ್ದರೆ ಈ ತಪ್ಪು ಅಲ್ಲೇ ಸಿಗುತ್ತಿತ್ತು. ಬರೀ ಕಾಗುಣಿತ ತಿದ್ದಿಸಿದ್ದಾದರೆ ಒಂದು ಸಾಲು ಸಾಕು, ಬಿಡಿ. ತೋಟಕ್ಕೇ ಹೋಗದೆ 10 ಬೆಳೆಗಾರರ ಉತ್ತರವನ್ನೂ ಎಐ ಕೈಲೇ ಬರೆಸಿದರೆ ಮಾತ್ರ, ಎಷ್ಟು ಹೇಳಿಕೊಂಡರೂ ಅದು ಸಮೀಕ್ಷೆ ಆಗಲ್ಲ.